ಅಪ್ಪ ಹೇಳದ ಅಂಕಿ

ನನ್ನಪ್ಪ ಹುಚ್ಚರಾಯಪ್ಪನನ್ನು ಕೆಡವಿದ್ದು ಅವನೇ ಬಾಟಲಿ ಹಾಲು ಕುಡಿಸಿ ಸಾಕಿದ ಟಗರು. ಐವತ್ತು ವರ್ಷ ಕುರಿ ಕಾಯ್ದವನಿಗೆ ಅದನ್ನು ಹೇಳಿಕೊಳ್ಳಲು ನಾಚಿಕೆ. ಆಸ್ಪತ್ರೆಯಲ್ಲಿ ಕೇಳಿದವರಿಗೆಲ್ಲ ಕಾಲು ಜಾರಿತು ಎಂದೇ ಹೇಳಿದ. ಪಕ್ಕದಲ್ಲಿ ನಿಂತ ನನ್ನ ಅವ್ವ ದ್ಯಾಮಮ್ಮ ಸೆರಗು ಬಾಯಿಗಿಟ್ಟುಕೊಂಡು ನಗು ತಡೆದಳು. ಎಕ್ಸ್‌ರೇ ನೋಡಿದ ಮೇಲೆ ನಗು ನಿಂತಿತು. ಬಲ ತೋಳಿನ ಮೂಳೆ ಭುಜದ ಹತ್ತಿರ ಮುರಿದಿತ್ತು. ಆಪರೇಷನ್ ಬೇಡ, ಮೂರು ವಾರ ಕೊರಳಿಗೆ ಜೋಲಿ, ಆಮೇಲೆ ಫಿಸಿಯೋಥೆರಪಿ ಎಂದರು ಡಾಕ್ಟರು.

ಬಂದಳಿಕೆ ಪಕ್ಕದ ನಮ್ಮೂರಲ್ಲಿ ಕುರಿ ನೋಡಿಕೊಳ್ಳುವವರು ಅಪ್ಪ ಮತ್ತು ನನ್ನ ತಮ್ಮ ಹರೀಶ, ಇಬ್ಬರೇ. ಹರೀಶ ಕಡ್ಡಿ ಮುರಿದಂತೆ ಹೇಳಿಬಿಟ್ಟ. "ಅಕ್ಕ, ಅಪ್ಪನ ಕೈ ಏಳಲಿಲ್ಲ ಅಂದ್ರೆ ನನ್ನೊಬ್ಬನ ಕೈಲಿ ಆಗಲ್ಲ. ಉಣ್ಣೆ ಕತ್ತರಿಸೋ ಹೊತ್ತಿಗೆ ನೋಡ್ತೀನಿ. ಆಗಲೂ ಕತ್ತರಿ ಹಿಡಿಯಾಕೆ ಆಗಲಿಲ್ಲ ಅಂದ್ರೆ ಹಿಂಡು ಮಾರಿಬಿಡಾದೆ." ಅವನ ಮೇಲೆ ನನಗೆ ಸಿಟ್ಟು ಬಂತು. ಆದರೆ ಅವನು ಹೇಳಿದ್ದು ಸುಳ್ಳಲ್ಲ. ಅಪ್ಪ ಆ ಮಾತು ಕೇಳಿಸಿಕೊಂಡು ಎದ್ದು ಕುರಿ ಕೂಡುವ ರೊಪ್ಪದ ಕಡೆ ಹೋದ, ಊಟಕ್ಕೆ ಬರಲಿಲ್ಲ.

ಶಿಕಾರಿಪುರದ ಫಿಸಿಯೋಥೆರಪಿಸ್ಟ್ ವಾಣಿಶ್ರೀ ಚಿಕ್ಕ ವಯಸ್ಸಿನವರು, ಆದರೆ ಮಾತು ಖಡಕ್ಕು. ಮನೆಯಲ್ಲಿ ದಿನಕ್ಕೆ ಮೂರು ಸಲ ವ್ಯಾಯಾಮ ಮಾಡಬೇಕು, ಅದನ್ನು ನೆನಪಿಸಲು ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಡುತ್ತೇನೆ ಎಂದರು. ಅಪ್ಪನದು ಗುಂಡಿ ಒತ್ತುವ ಫೋನು. ಹರೀಶ ಹಗಲೆಲ್ಲ ಕುರಿ ಹಿಂದೆ. ಹಾಗಾಗಿ ಆ ಆ್ಯಪ್ ಬಂದದ್ದು ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯಲ್ಲಿ ಸಂಸಾರ ಮಾಡುವ ನನ್ನ ಫೋನಿಗೆ. ಬೆಳಿಗ್ಗೆ ಏಳಕ್ಕೆ, ಮಧ್ಯಾಹ್ನ ಒಂದಕ್ಕೆ, ಸಂಜೆ ಆರಕ್ಕೆ ಟಿಣ್ ಎನ್ನುತ್ತಿತ್ತು. ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಅಪ್ಪನಿಗೆ ಫೋನ್ ಮಾಡಿ, ಯಾವ ವ್ಯಾಯಾಮ, ಎಷ್ಟು ಸಲ ಎಂದು ಓದಿ ಹೇಳುತ್ತಿದ್ದೆ. ಸಂಜೆಯದು ಮುಗಿದ ಮೇಲೆ ಆ್ಯಪ್ ಒಂದು ಪ್ರಶ್ನೆ ಕೇಳುತ್ತಿತ್ತು. ಇವತ್ತು ನೋವು ಎಷ್ಟು? ಏನೂ ಇಲ್ಲದಿದ್ದರೆ ಸೊನ್ನೆ, ತಡೆಯಲಾರದಷ್ಟಿದ್ದರೆ ಹತ್ತು. ವಾರದ ಏಳು ಅಂಕಿಗಳನ್ನು ನೋಡಿ, ಕೈ ಎಷ್ಟು ಏಳುತ್ತದೆಂದು ಅಳೆದು, ಸೋಮವಾರ ವಾಣಿಶ್ರೀ ಮುಂದಿನ ವಾರದ ವ್ಯಾಯಾಮ ಗೊತ್ತುಮಾಡುತ್ತಿದ್ದರು.

"ಎಷ್ಟಪ್ಪ ನೋವು?"

"ಎರಡು ಅಂತ ಹಾಕು."

ನಾನು ಎರಡು ಒತ್ತುತ್ತಿದ್ದೆ.

ನಿಜ ಹೇಳಬೇಕೆಂದರೆ ನನಗೆ ಆ ದಿನಗಳು ಹಿತವಾಗಿದ್ದವು. ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಅಪ್ಪನ ಜೊತೆ ದಿನಕ್ಕೆ ಮೂರು ಸಲ ಮಾತಾಡಿದವಳಲ್ಲ. ಮುಂದಕ್ಕೆ ಬಗ್ಗಿ ಕೈ ಇಳಿಬಿಟ್ಟು ತೂಗುವ ವ್ಯಾಯಾಮ ಮಾಡುವಾಗ ಅವನು ಫೋನನ್ನು ಕಟ್ಟೆಯ ಮೇಲೆ ಸ್ಪೀಕರಿಗೆ ಹಾಕಿಡುತ್ತಿದ್ದ. ಕುರಿಗಳ ಸದ್ದು, ಅವ್ವ ಕೊಡ ಇಡುವ ಸದ್ದು, ನಾನು ಇಲ್ಲಿಂದ ಒಂದು, ಎರಡು, ಮೂರು ಎಂದು ಎಣಿಸುವುದು. ಕೋಲು ಹಿಡಿದು ಎಡಗೈಯಿಂದ ಬಲಗೈಯನ್ನು ಮೇಲೆತ್ತುವ ವ್ಯಾಯಾಮ ಬಂದಾಗ, "ಐವತ್ತು ವರ್ಷ ಕುರಿಗೆ ಕೋಲು ಹಿಡಿದೆ, ಈಗ ನಂಗೇ ಕೋಲು ಬಂತಲ್ಲೇ" ಎಂದು ನಗುತ್ತಿದ್ದ. ಫೋನ್ ಇಟ್ಟ ಮೇಲೂ ಒಲೆಯ ಮುಂದೆ ಸುಮ್ಮನೆ ಕೂರುತ್ತಿದ್ದೆ. ತೊಗರ್ಸಿ ಕಡೆಯ ಕೊಯ್ದ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಹಿಂಡು ನಿಲ್ಲಿಸುತ್ತಿದ್ದ ದಿನಗಳು, ಅಪ್ಪನ ಕಂಬಳಿಯ ವಾಸನೆ, ಕಲ್ಲಿನ ಮೇಲೆ ಅವನು ಸುಟ್ಟುಕೊಟ್ಟ ರೊಟ್ಟಿ ನೆನಪಾಗುತ್ತಿತ್ತು. ಆ ರೊಟ್ಟಿ ಒಂದು ಕಡೆ ಕರಟಿ ಒಂದು ಕಡೆ ಹಸಿ ಇರುತ್ತಿತ್ತು. ಈಗ ಕೊಟ್ಟರೂ ತಿನ್ನುತ್ತೇನೆ.

ನಾಲ್ಕನೇ ಸೋಮವಾರದ ಹೊತ್ತಿಗೆ ಮೂಳೆ ಕೂಡಿದೆಯೆಂದು ಡಾಕ್ಟರು ಹೇಳಿದ್ದರು. ಕೈ ಹೆಚ್ಚುಕಡಿಮೆ ಭುಜದ ಮಟ್ಟಕ್ಕೆ ಏಳುತ್ತಿತ್ತು. ನೋವು ಎರಡೇ ಇದೆಯಲ್ಲ ಎಂದು ವಾಣಿಶ್ರೀ ರಬ್ಬರ್ ಪಟ್ಟಿ ಕೊಟ್ಟರು. ಒಂದು ತುದಿಯನ್ನು ಬಾಗಿಲ ಚಿಲಕಕ್ಕೆ ಕಟ್ಟಿ ಇನ್ನೊಂದನ್ನು ಎಳೆಯಬೇಕು. ನಾನು ಫೋನಿನಲ್ಲಿ ಎಣಿಸಿದೆ, ಅಪ್ಪ ಎಳೆದ. ಆ ವಾರ ಅವನು ನಗಲಿಲ್ಲ. ಸುಸ್ತಾಗಿರಬೇಕು ಅಂದುಕೊಂಡೆ. ದಡ್ಡಿ ನಾನು.

ಐದನೇ ಸೋಮವಾರ ಶಿರಾಳಕೊಪ್ಪದ ಮೇಲೆ ಬಸ್ಸು ಹಿಡಿದು ಶಿಕಾರಿಪುರಕ್ಕೆ ಹೋದೆ. ಅಪ್ಪನನ್ನು ಹರೀಶ ಬೈಕಿನಲ್ಲಿ ತಂದು ಬಿಟ್ಟು ಹೋಗಿದ್ದ. ವಾಣಿಶ್ರೀ ಕೋನ ಅಳೆಯುವ ಪ್ಲಾಸ್ಟಿಕ್ ಪಟ್ಟಿಯನ್ನು ಭುಜಕ್ಕೆ ಹಿಡಿದರು. ಇನ್ನೊಮ್ಮೆ ಹಿಡಿದರು.

"ಹೋದ ವಾರ ತೊಂಬತ್ತೈದು ಡಿಗ್ರಿ ಇತ್ತು. ಇವತ್ತು ಎಪ್ಪತ್ತೈದು. ಭುಜ ಬೇರೆ ಬಿಸಿ ಇದೆ. ಯಜಮಾನ್ರೆ, ನೋವಿಲ್ವಾ?"

"ಅಂಥಾದ್ದೇನಿಲ್ರೀ."

ಅವರು ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಮೂವತ್ತೈದು ದಿನವೂ ಎರಡೇ. ಗೆರೆ ಒಂದಿಷ್ಟೂ ಏರಿಲ್ಲ, ಇಳಿದಿಲ್ಲ.

"ಇಷ್ಟು ನೆಟ್ಟಗೆ ಯಾರ ನೋವೂ ಇರಲ್ಲ ಪ್ರಮೀಳಾ ಅವ್ರೆ. ಕೈ ಚೆನ್ನಾಗಿ ಏಳ್ತಿತ್ತಲ್ಲ ಅಂತ ನಾನೂ ಗಮನಿಸಲಿಲ್ಲ, ನಂದೂ ತಪ್ಪು. ನಾನು ಈ ಅಂಕಿ ನೋಡಿ ವ್ಯಾಯಾಮ ಜಾಸ್ತಿ ಮಾಡೋದು. ಅದೇ ಸುಳ್ಳಾದ್ರೆ ನಾನು ಕಣ್ಣು ಕಟ್ಟಿಕೊಂಡು ಕೆಲಸ ಮಾಡಿದಂಗೆ. ಭುಜ ಹೀಗೇ ಬಿಗಿದುಕೊಂಡು ಹೋದ್ರೆ ದೊಡ್ಡ ಡಾಕ್ಟರ ಹತ್ರ ಕಳಿಸಬೇಕಾಗುತ್ತೆ. ಅರಿವಳಿಕೆ ಕೊಟ್ಟು ಬಿಡಿಸೋ ಪರಿಸ್ಥಿತಿ ಬರಬಹುದು."

ನಾನು ಅಪ್ಪನ ಕಡೆ ತಿರುಗಿದೆ. "ಬಾಯಿ ಬಿಟ್ಟು ಹೇಳಾಕೆ ಏನಾಗಿತ್ತು ನಿಂಗೆ?" ಎಂದು ಅಲ್ಲೇ ರೇಗಿದೆ. ವಾಣಿಶ್ರೀ ನನ್ನನ್ನು ಸುಮ್ಮನಿರಿಸಿ, ಅಪ್ಪನನ್ನು ಸಮಾಧಾನ ಮಾಡಲೆಂದು ಮಾತು ಬದಲಿಸಿದರು.

"ಇರ್ಲಿ ಬಿಡಿ ಯಜಮಾನ್ರೆ. ಎಷ್ಟು ಕುರಿ ಸಾಕಿದೀರಿ?"

"ಅದಾವ್ರೀ, ಒಂದೆರಡು."

ಆ ಎರಡು ಎಲ್ಲಿಂದ ಬಂತೆಂದು ನನಗೆ ಆಗ ಹೊಳೆಯಿತು. ನಮ್ಮ ರೊಪ್ಪದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಕುರಿಗಳಿವೆ.

ನಮ್ಮ ಮನೆಯಲ್ಲಿ ಜೀವ ಇರುವುದರ ಲೆಕ್ಕವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ದೃಷ್ಟಿ ತಗುಲಿ ಹಿಂಡು ಕರಗುತ್ತದೆ. ಒಂದನೇ ಕ್ಲಾಸಿನಲ್ಲಿ ಅಂಕಿ ಕಲಿತ ಹೊಸತರಲ್ಲಿ ನಾನು ರೊಪ್ಪದ ಬಾಗಿಲಲ್ಲಿ ನಿಂತು ಜೋರಾಗಿ ಕುರಿ ಎಣಿಸಿದ್ದೆ. ಹದಿನಾಲ್ಕಕ್ಕೆ ಬರುವಷ್ಟರಲ್ಲಿ ಅಪ್ಪನ ಅಂಗೈ ನನ್ನ ಬಾಯಿ ಮುಚ್ಚಿತ್ತು. ಹೊಡೆಯಲಿಲ್ಲ, ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಅವನು ಎಣಿಸುತ್ತಲೇ ಇರಲಿಲ್ಲ. ಸಂಜೆ ಬಾಗಿಲ ಪಕ್ಕ ನಿಂತು, ಒಳಗೆ ಹೋಗುವ ಒಂದೊಂದರ ಬೆನ್ನಿಗೂ ಬಲಗೈ ಸವರುತ್ತಿದ್ದ. ಕೊನೆಗೆ, "ಕಪ್ಪು ಕಿವಿದು ಬಂದಿಲ್ಲ" ಎನ್ನುತ್ತಿದ್ದ. ಅದೊಂದೇ ಬಂದಿರುತ್ತಿರಲಿಲ್ಲ. ಆಹಾ, ಅಂಥ ಕೈ ಅದು. ಅಂಥವನಿಗೆ ನಾನು ದಿನಾ ಸಂಜೆ ಫೋನ್ ಮಾಡಿ ಮೈಯೊಳಗಿನ ನೋವಿನ ಲೆಕ್ಕ ಕೇಳಿದ್ದೆ. ಅವನು ಎಲ್ಲರಿಗೂ ಕೊಡುವ ಉತ್ತರವನ್ನೇ ನನಗೂ ಕೊಟ್ಟಿದ್ದ.

ವಾಣಿಶ್ರೀಗೆ ಇದನ್ನೆಲ್ಲ ಹೇಳಿದೆ. ಅವರು ಅಪ್ಪನ ಮುಖ ನೋಡಿದರು. ಅಪ್ಪ ಗೊಣಗಿದ.

"ಬಾಯಿಗೆ ಬರಲ್ರೀ ಮೇಡಮ್ಮಾರೆ. ಸಣ್ಣೋನಿದ್ದಾಗಿಂದ ರೂಢಿ. ಜಾಸ್ತಿ ಹೇಳ್ಬಾರ್ದು."

ಆಗ ನನ್ನ ಸಿಟ್ಟೇ ನನಗೆ ಬುದ್ಧಿ ಕೊಟ್ಟಿತು.

"ಅಲ್ಲಪ್ಪ, ಎಣಿಸಿ ಹೇಳಿದ್ರೆ ಕುರಿ ಕಮ್ಮಿ ಆಗ್ತವೆ ಅಂತೀಯ ಅಲ್ವ?"

"ಹೂಂ ಮತ್ತೆ."

"ಹಂಗಾದ್ರೆ ನೋವನ್ನೂ ಎಣಿಸಿ ಹೇಳು. ಅದೂ ಕಮ್ಮಿ ಆಗ್ಲಿ. ಅದನ್ನೇನು ಮಂದೆ ಬೆಳೆಸಿದಂಗೆ ಬೆಳೆಸ್ತೀಯ?"

ಅಪ್ಪ ನನ್ನನ್ನೇ ನೋಡಿದ. ಅವನ ಮುಖದಲ್ಲಿ ಲೆಕ್ಕಾಚಾರ ನಡೆದಿತ್ತು. ಆಮೇಲೆ ಎಡಗೈಯಿಂದ ಬಲ ಭುಜ ಹಿಡಿದುಕೊಂಡು ಮೆಲ್ಲಗೆ ಹೇಳಿದ.

"ಎಂಟು. ರಬ್ಬರ್ ಎಳೆಯಾಕೆ ಹತ್ತಿದ ಮ್ಯಾಲೆ ಎಂಟು. ಆ ಮಗ್ಗುಲಿಗೆ ಮಲಗಾಕೆ ಆಗಲ್ಲ."

ಎಂಟು ನೋವು ಇಟ್ಟುಕೊಂಡು ನನ್ನ ಎಣಿಕೆಗೆ ಸರಿಯಾಗಿ ಅವನು ಪಟ್ಟಿ ಎಳೆದಿದ್ದ. ಮೂಗು ಒರೆಸಿಕೊಳ್ಳುವ ನೆಪದಲ್ಲಿ ನಾನು ಮುಖ ತಿರುಗಿಸಿದೆ.

ವಾಣಿಶ್ರೀ ಪಟ್ಟಿ ವಾಪಸ್ ತೆಗೆದುಕೊಂಡರು. ಮತ್ತೆ ಕೈ ತೂಗುವುದು, ಕೋಲಿನ ಆಸರೆ, ಗೋಡೆಯ ಮೇಲೆ ಬೆರಳು ಹತ್ತಿಸುವುದು. ಮಾಡುವಾಗ ನೋವು ನಾಲ್ಕರವರೆಗೆ ಬರಬಹುದು, ಒಂದು ತಾಸಿನಲ್ಲಿ ಇಳಿಯಬೇಕು. ಐದು ದಾಟಿದರೆ ನಿಲ್ಲಿಸಿ ತಮಗೆ ತಿಳಿಸಬೇಕು ಎಂದು ಅಪ್ಪನಿಂದ ಎರಡು ಸಲ ಹೇಳಿಸಿದರು. ಊರಿಗೆ ಹೋದ ಮೇಲೆ ಅವ್ವನನ್ನೂ ವಿಚಾರಿಸಿಕೊಂಡೆ. "ಪ್ರಮೀಳಾಗೆ ಹೇಳ್ಬ್ಯಾಡ ಅಂದಿದ್ರು ಕಣೆ. ನೀನು ಅಷ್ಟು ದೂರದಿಂದ ಆಸೆಯಿಂದ ಎಣಿಸ್ತಿದ್ದೆ" ಎಂದಳು.

ಆಮೇಲಿನ ಅಂಕಿಗಳು ನಿಜದವು. ಏಳು. ಏಳು. ಆರು. ಮೋಡ ಕವಿದ ದಿನ ಮತ್ತೆ ಏಳು. ಐದು ದಾಟಿದ ದಿನವೆಲ್ಲ ವಾಣಿಶ್ರೀಗೆ ಫೋನ್ ಮಾಡಿದೆ. ಎರಡು ವಾರ ಕಳೆಯುವಷ್ಟರಲ್ಲಿ ನಾಲ್ಕು. ಪರದೆಯ ಮೇಲೆ ಗೆರೆ ಏರುತ್ತ ಇಳಿಯುತ್ತ ಕಡೆಗೆ ತಗ್ಗಿತು. ದೊಡ್ಡ ಡಾಕ್ಟರ ಹತ್ತಿರ ಹೋಗುವುದು ತಪ್ಪಿತು. ಹನ್ನೆರಡನೇ ಸೋಮವಾರ ಕೈ ನೂರಿಪ್ಪತ್ತು ಡಿಗ್ರಿಗೆ ನಿಂತಿತು. ಪೂರ್ತಿ ಮೇಲಕ್ಕೆ ಹೋಗುವುದು ಕಷ್ಟ ಎಂದು ವಾಣಿಶ್ರೀ ಮುಚ್ಚುಮರೆಯಿಲ್ಲದೆ ಹೇಳಿದರು. "ಕತ್ತರಿ?" ಎಂದು ಅಪ್ಪ ಕೇಳಿದ. "ಖಾಲಿ ಕತ್ತರಿ ಆಡಿಸಿ ರೂಢಿ ಮಾಡಿಕೊಳ್ಳಿ. ಆಮೇಲೆ ಸ್ವಲ್ಪ ಸ್ವಲ್ಪ, ನಡುನಡುವೆ ಬಿಡುವು ಕೊಟ್ಟು ನೋಡಿ" ಎಂದರು.

ಉಣ್ಣೆ ಕತ್ತರಿಸುವ ಕಾಲ ಬಂದೇಬಿಟ್ಟಿತು. ಆ ಗುರುವಾರ ಸಂಜೆ ಆರಕ್ಕೆ ಟಿಣ್ ಎಂದಾಗ ನಾನು ಅಕ್ಕಿ ಹಿಟ್ಟು ಕಲೆಸುತ್ತಿದ್ದೆ. ಒಂದು ಕೈಯಲ್ಲೇ ಫೋನ್ ಮಾಡಿದೆ.

"ಎಷ್ಟಪ್ಪ ಇವತ್ತು?"

"ಆರು."

ಎರಡು ವಾರದಿಂದ ಮೂರರ ಮೇಲೆ ಹೋಗಿರಲಿಲ್ಲ.

"ಏನ್ ಮಾಡಿಕೊಂಡೆ? ಬಿದ್ಯಾ?"

"ಇಲ್ಲ ಕಣೆ. ಒಂದು ಕುರಿ ಕತ್ತರಿಸಿದೆ. ಹರೀಶ ಹಿಡ್ಕಂಡಿದ್ದ. ಅರ್ಧಕ್ಕೆ ನೋಯಾಕೆ ಹತ್ತಿತು, ಬಿಡ್ಬೇಕಿತ್ತು, ಬಿಡಲಿಲ್ಲ. ಪೂರ್ತಿ ಮಾಡಿದೆ."

ನಾನು ಬೈಯಬೇಕಿತ್ತು. ಹಿಟ್ಟಿನ ತಟ್ಟೆ ಪಕ್ಕಕ್ಕೆ ಸರಿಸಿದೆ.

"ಮೇಡಮ್ಮಾರು ಬೈತಾರೆ, ಬೈಲಿ. ಆರು ಅಂತಾನೇ ಹಾಕು, ಕಮ್ಮಿ ಮಾಡಿ ಹಾಕಬ್ಯಾಡ" ಎಂದ ಅಪ್ಪ. ಆಮೇಲೆ, "ಹಿಂಡು ಕೊಡೋ ಮಾತು ಬ್ಯಾಡ ಅಂದ ಹರೀಶ. ಕತ್ತರಿ ತೊಳೆದು ಅವನೇ ನನ್ನ ಕೈಗೆ ವಾಪಸ್ ಕೊಟ್ಟ" ಎಂದ.

ಹಿಟ್ಟು ಮೆತ್ತಿದ ಬೆರಳಿನಲ್ಲೇ ಆರು ಒತ್ತಿದೆ. ಫಿಸಿಯೋಥೆರಪಿಸ್ಟರನ್ನು ಕೂಡಲೇ ಸಂಪರ್ಕಿಸಿ ಎಂದು ಪರದೆಯ ಮೇಲೆ ಕೆಂಪು ಅಕ್ಷರ ಬಂತು. ವಾಣಿಶ್ರೀಗೆ ಫೋನ್ ಹಚ್ಚಿದೆ. ಅವರು ಹಲೋ, ಹಲೋ ಅನ್ನುತ್ತಿದ್ದರು, ನನಗೆ ಅಳು ನಿಲ್ಲುತ್ತಿರಲಿಲ್ಲ.