ಕೈಗಳೂ ಕಾಣುವಷ್ಟು ಅಗಲ

ಮೇಟಗಳ್ಳಿಯ ನಮ್ಮ ಕಾರ್ಖಾನೆಯಲ್ಲಿ ಫೋನು, ಕಂಪ್ಯೂಟರು, ಪ್ರಿಂಟರುಗಳನ್ನು ನೋಡಿಕೊಳ್ಳುವವನು ನಾನು. ಹೊಸದಾಗಿ ಚಿಕ್ಕದೊಂದು ಮೀಟಿಂಗ್ ರೂಮು ಮಾಡಿದಾಗ ಅದರ ಕ್ಯಾಮೆರಾವೂ ನನ್ನ ಪಾಲಿಗೇ ಬಂತು. ರೂಮು ಅಂದರೆ ಆರು ಕುರ್ಚಿ, ಒಂದು ಉದ್ದನೆಯ ಮೇಜು, ಗೋಡೆಯ ಮೇಲೆ ಟಿವಿ. ಟಿವಿಯ ಕೆಳಗೆ ಮೊಳದುದ್ದದ ಒಂದು ಕಪ್ಪು ಪಟ್ಟಿ. ಕ್ಯಾಮೆರಾ, ಮೈಕು, ಸ್ಪೀಕರು ಎಲ್ಲವೂ ಆ ಪಟ್ಟಿಯೊಳಗೇ ಇವೆ.

ಕ್ಯಾಮೆರಾವನ್ನು ಮೂರು ಬಗೆಯಲ್ಲಿ ಇಡಬಹುದಿತ್ತು. ವೈಡ್ ಇಟ್ಟರೆ ಇಡೀ ಕೋಣೆ ಇದ್ದ ಹಾಗೇ ಕಾಣುತ್ತದೆ, ಚಿತ್ರ ಕದಲುವುದಿಲ್ಲ. ಆಟೋ ಫ್ರೇಮಿಂಗ್ ಇಟ್ಟರೆ ಅದು ಮುಖಗಳನ್ನು ಹುಡುಕಿ, ಅವೆಲ್ಲ ಸೇರುವಷ್ಟಕ್ಕೆ ಚಿತ್ರವನ್ನು ಕತ್ತರಿಸಿ ಹತ್ತಿರ ತರುತ್ತದೆ. ಮೂರನೆಯದು ಸ್ಪೀಕರ್ ಟ್ರ್ಯಾಕಿಂಗ್. ಮೈಕುಗಳು ದನಿ ಯಾವ ಕಡೆಯಿಂದ ಬಂತೆಂದು ತಿಳಿದು, ಅಲ್ಲಿರುವ ಮುಖವನ್ನು ಬೇರೆ ದೊಡ್ಡ ಚೌಕದಲ್ಲಿ ತೋರಿಸುತ್ತವೆ. ಉಳಿದ ಕೋಣೆ ಮೂಲೆಯಲ್ಲೊಂದು ಸಣ್ಣ ಚೌಕವಾಗಿ ನಿಲ್ಲುತ್ತದೆ. ಮೊದಲ ದಿನವೇ ನಾನು ಮೂರನೆಯದನ್ನು ಆರಿಸಿದೆ. ಮ್ಯಾನೇಜರ್ ಕೆಮ್ಮಿದರೂ ಅವರ ಮುಖ ದೊಡ್ಡದಾಗಿ ಬರುತ್ತಿತ್ತು. ಎಲ್ಲರೂ ಭೇಷ್ ಅಂದರು. ನಾನೇ ಆ ಯಂತ್ರವನ್ನು ಕಂಡುಹಿಡಿದವನ ಹಾಗೆ ಓಡಾಡಿದೆ.

ನಮ್ಮಲ್ಲಿ ಪಂಪಿಗೆ ಬೇಕಾದ ತೆಳುವಾದ ಲೋಹದ ಬಳೆಗಳನ್ನು ಮಾಡುತ್ತಾರೆ. ಸಿದ್ಧವಾದ ಬಳೆಗಳನ್ನು ಪರೀಕ್ಷಿಸುವ ವಿಭಾಗದಲ್ಲಿ ಒಬ್ಬ ಹುಡುಗಿ ಇದ್ದಾಳೆ. ಹುಡುಗಿ ಅಂತ ನಾನು ಅನ್ನುವುದು ನನ್ನ ವಯಸ್ಸಿನಿಂದ. ಆಕೆಗೆ ಮೂವತ್ತು ದಾಟಿದೆ, ಶ್ರೀರಾಂಪುರದಲ್ಲಿ ಸಂಸಾರವಿದೆ. ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಆಕೆಯ ಭಾಷೆ ಕೈಯದು. ಎಂಟು ವರ್ಷದಿಂದ ಒಂದೇ ಕಟ್ಟಡದಲ್ಲಿದ್ದರೂ ನನಗೂ ಆಕೆಗೂ ಇದ್ದದ್ದು ಒಂದು ನಗು, ಒಂದು ನಮಸ್ಕಾರ ಅಷ್ಟೇ.

ಒಮ್ಮೆ ಬೆಳಗಾವಿಯ ಗಿರಾಕಿಗಳಿಂದ ದೂರು ಬಂತು. ಬಳೆಗಳು ಪಂಪಿನಲ್ಲಿ ಕೂರುತ್ತಿಲ್ಲ, ಎಣ್ಣೆ ಸೋರುತ್ತಿದೆ. ಅವರೂ ಅಳೆದಿದ್ದರು, ನಾವೂ ಅಳೆದಿದ್ದೆವು. ಎರಡೂ ಕಡೆ ಅಳತೆ ಸರಿಯಾಗೇ ಇತ್ತು. ಕಾರಣ ಗೊತ್ತಿದ್ದದ್ದು ಆ ಹುಡುಗಿಗೆ ಒಬ್ಬಳಿಗೇ. ಆಕೆ ಅದನ್ನು ಮ್ಯಾನೇಜರಿಗೆ ಚೀಟಿಯಲ್ಲಿ ಬರೆದು ತಿಳಿಸಲು ನೋಡಿದ್ದಳು. ಅವರಿಗೆ ಅರ್ಧ ತಿಳಿದು, ಬಳೆ ಮೊಟ್ಟೆಯಾಕಾರ ಆಗಿರಬಹುದು ಎಂದು ವರದಿ ಕಳಿಸಿಬಿಟ್ಟಿದ್ದರು. ಅದು ಆಕೆ ಹೇಳಿದ್ದೇ ಅಲ್ಲ. ಕೊನೆಗೆ ಆಕೆಯನ್ನೇ ಮೀಟಿಂಗಿಗೆ ಕೂರಿಸುವುದು ಎಂದಾಯಿತು. ಆಕೆಯ ಸನ್ನೆಯನ್ನು ಮಾತಿಗೆ ತರಲು ಹೊರಗಿನಿಂದ ಒಬ್ಬ ಹೆಂಗಸನ್ನು ಕರೆಸಿದರು. ಈ ಹೆಂಗಸಿನ ಅಪ್ಪ ಅಮ್ಮ ಇಬ್ಬರಿಗೂ ಕಿವಿ ಕೇಳುತ್ತಿರಲಿಲ್ಲವಂತೆ. ಮಾತು ಕಲಿಯುವ ಮೊದಲೇ ಸನ್ನೆ ಕಲಿತವರು. ಭಾನುವಾರ ಪೂಜೆಯ ಹೊತ್ತಿನಲ್ಲಿ ಚರ್ಚಿನಲ್ಲಿ ಪಾದ್ರಿಗಳ ಪಕ್ಕದಲ್ಲಿ ನಿಂತು ಅವರ ಮಾತನ್ನೂ ಹೀಗೇ ಹೇಳಿಕೊಡುತ್ತಾರಂತೆ.

ಮೊದಲ ಮೀಟಿಂಗು ಹಾಳಾಯಿತು. ಹಾಳು ಮಾಡಿದವನು ನಾನು.

ಹುಡುಗಿ ಕೈಯಾಡಿಸಿದಳು. ಎದುರು ಕುರ್ಚಿಯಲ್ಲಿದ್ದ ಆ ಹೆಂಗಸು ಅದನ್ನು ಬಾಯಲ್ಲಿ ಹೇಳಿದರು. ದನಿ ಬಂದದ್ದು ಅವರಿಂದ. ಹಾಗಾಗಿ ಕ್ಯಾಮೆರಾ ಅವರ ಮುಖವನ್ನೇ ದೊಡ್ಡದು ಮಾಡಿ ತೋರಿಸಿತು. ಹುಡುಗಿ ಮೂಲೆಯ ಚೌಕದಲ್ಲಿ ಹೆಬ್ಬೆರಳಿನಷ್ಟಾದಳು.

"ನಾನು ದುಂಡನೆಯ ಅಚ್ಚಿಗೆ ನೀಲಿ ಬಣ್ಣ ಹಚ್ಚಿ, ಬಳೆಯೊಳಗೆ ತೂರಿಸಿ ನೋಡಿದೆ," ಎಂದರು ಹೆಂಗಸು. ಹುಡುಗಿಯ ಮಾತನ್ನು ಅವಳ ಬಾಯಾಗಿ ಹೇಳುವುದು ಅವರ ಪದ್ಧತಿ.

"ಮೇಡಂ, ಎಷ್ಟು ಬಳಿ ನೋಡೀರಿ ನೀವು?" ಎಂದರು ಬೆಳಗಾವಿಯ ಇಂಜಿನಿಯರು, ನೇರವಾಗಿ ಆ ಹೆಂಗಸನ್ನೇ.

"ನಾನಲ್ಲ ಸಾರ್, ಇವ್ರು ಹೇಳ್ತಿರೋದು."

"ಯಾರು? ಯಾರೂ ಕಾಣವಲ್ಲರು ಇಲ್ಲೆ."

ಹೆಂಗಸಿಗೆ ಕಾರ್ಖಾನೆಯ ಪದಗಳೂ ಗೊತ್ತಿರಲಿಲ್ಲ. ಮೂರು ಕಡೆಯಿಂದ ಹಿಡಿದ ಹಾಗೆ, ಆಮೇಲೆ ಬಿಟ್ಟ ಹಾಗೆ, ಎಂದು ತಡವರಿಸಿದರು. ಬೆಳಗಾವಿಯವರು ಐದು ನಿಮಿಷ ಆ ತಡವರಿಕೆಯನ್ನು ದೊಡ್ಡದಾಗಿ ನೋಡಿ, "ಬರದು ಕಳಸ್ರಿ," ಅಂದು ಮುಗಿಸಿದರು.

ಎಲ್ಲರೂ ಎದ್ದು ಹೋದ ಮೇಲೆ ಹುಡುಗಿ ಮೊಬೈಲಿನಲ್ಲಿ ಏನೋ ಬರೆದು ನನ್ನ ಮುಂದೆ ಹಿಡಿದಳು. "ಮಾತಾಡಿದ್ದು ನಾನು. ಅವರು ನೋಡಿದ್ದು ಇವರನ್ನು."

"ಬೇಜಾರು ಮಾಡ್ಕೋಬೇಡಿ ಸಾರ್," ಎಂದರು ಹೆಂಗಸು. "ನಿಮ್ಮ ಕ್ಯಾಮೆರಾ ದನಿ ಹುಡುಕ್ತದೆ. ಇವಳ ಮಾತಿಗೆ ದನಿ ಇಲ್ವಲ್ಲ. ಅದಕ್ಕೇನ್ ಗೊತ್ತಾಗ್ತದೆ ಪಾಪ."

ಅದಕ್ಕೆ ಗೊತ್ತಾಗದಿದ್ದರೆ ಸರಿ, ಅದನ್ನು ಆರಿಸಿದ ನನಗೆ ಗೊತ್ತಾಗಬೇಕಿತ್ತು.

ಮಾರನೆಯ ದಿನ ಊಟವಾದ ಮೇಲೆ ಇಬ್ಬರನ್ನೂ ರೂಮಿಗೆ ಕರೆದೆ. ಮೊದಲು ಆಟೋ ಫ್ರೇಮಿಂಗ್ ಇಟ್ಟೆ. ಚಿತ್ರ ಚೆನ್ನಾಗೇ ಬಂತು: ಮುಖ, ಕುತ್ತಿಗೆ, ಭುಜ. ಹುಡುಗಿ ಮಾತು ಶುರುಮಾಡಿದಳು. ಎದೆಯ ಕೆಳಗಿದ್ದ ಕೈಗಳು ಚಿತ್ರದ ಅಂಚಿನಲ್ಲಿ ಮುಳುಗಿಹೋದವು. ಆಗಾಗ ಬೆರಳ ತುದಿ ಮೇಲೆ ಬಂದು ಹೋಗುತ್ತಿತ್ತು. ಹೆಂಗಸು ನೀರು ಕುಡಿಯಲು ಎದ್ದು ಹೋದರೆ ಕ್ಯಾಮೆರಾ ಮತ್ತೆ ಲೆಕ್ಕ ಹಾಕಿ ಚಿತ್ರವನ್ನು ಸರಿಸುತ್ತಿತ್ತು. ಅರ್ಧ ಮಾತಿನಲ್ಲಿ ಚಿತ್ರವೇ ಜಾರಿದರೆ ನೋಡುವವರಿಗೆ ಏನು ತಿಳಿಯುತ್ತದೆ? ಅದಕ್ಕೆ ಮುಖವಷ್ಟೇ ಮನುಷ್ಯ. ಕೈ ಅದರ ಲೆಕ್ಕದಲ್ಲಿ ಇರಲಿಲ್ಲ.

ಆಮೇಲೆ ವೈಡ್ ಇಟ್ಟೆ. ಅದರಲ್ಲಿ ಕೈ ಕಂಡವು, ಜೊತೆಗೆ ಫ್ಯಾನು, ಬಾಗಿಲು, ಟೀ ಫ್ಲಾಸ್ಕು ಎಲ್ಲವೂ ಕಂಡವು. ಮೇಜಿನ ಆ ತುದಿಯಲ್ಲಿ ಕೂತರೆ ಹುಡುಗಿ ಪುಟ್ಟದಾಗಿ ಕಂಡಳು. ಈ ತುದಿಯ ಪಕ್ಕದ ಕುರ್ಚಿಗೆ ಬಂದರೆ ಚಿತ್ರದ ಅಂಚಿಗೆ ಸಿಕ್ಕಿ ಅಡ್ಡಡ್ಡ ಎಳೆದ ಹಾಗಾದಳು, ಚಾಚಿದ ಅಂಗೈ ಮೊರದಷ್ಟಾಯಿತು. ಮೂವರೂ ನಕ್ಕೆವು. ಆಕೆಯ ನಗುವಿಗೆ ದನಿಯಿತ್ತು. ಅದನ್ನು ಕೇಳಿದ ಕ್ಯಾಮೆರಾ ಹಿಂದಿನ ದಿನವಾಗಿದ್ದರೆ ಆಕೆಯತ್ತ ತಿರುಗುತ್ತಿತ್ತೋ ಏನೋ.

ಕೊನೆಗೆ ವೈಡನ್ನೇ ಉಳಿಸಿಕೊಂಡು, ಮೇಜನ್ನು ಗೋಡೆಗೆ ತಳ್ಳಿದೆವು. ಕ್ಯಾಮೆರಾದ ನೇರ ಎದುರಿಗೆ, ಆರು ಅಡಿ ದೂರದಲ್ಲಿ ಆಕೆಯ ಕುರ್ಚಿ. ಹಿಂದಿನ ಕಿಟಕಿಯ ಬೆಳಕಿಗೆ ಕೈ ಕಪ್ಪಾಗುತ್ತಿತ್ತು, ಪರದೆ ಎಳೆದೆ. ಹೆಂಗಸು ಟಿವಿಯ ಪಕ್ಕಕ್ಕೆ, ಕ್ಯಾಮೆರಾಕ್ಕೆ ಕಾಣದ ಕಡೆ ಕೂತರು. ಹೀಗಾದರೆ ಹುಡುಗಿಗೆ ಟಿವಿಯೂ ಅವರೂ ಒಟ್ಟಿಗೇ ಕಾಣುತ್ತಾರೆ. ಬೆಳಗಾವಿಗೆ ಇವರ ದನಿ, ಅವಳ ಕೈ.

ಮ್ಯಾನೇಜರು ಬಂದು ನೋಡಿ ಮುಖ ಹುಳ್ಳಗೆ ಮಾಡಿದರು. "ಏನ್ರೀ ಇದು, ನಾವೆಲ್ಲ ಮೂಲೇಲಿ ಇರುವೆ ಥರ ಕಾಣ್ತೀವಲ್ರೀ?"

"ಈ ಸಲ ಹೇಳ್ಬೇಕಾಗಿರೋದು ಅವ್ರು ಸಾರ್."

ಅವರು ಮತ್ತೊಮ್ಮೆ ಟಿವಿ ನೋಡಿದರು. "ಆಯ್ತು ಬುಡಿ," ಅಂದರು.

ಮತ್ತೆ ಮೀಟಿಂಗು ನಡೆದ ದಿನ ಆಕೆ ಕಡುನೀಲಿ ಕುರ್ತಾ ತೊಟ್ಟು ಬಂದಳು. ಕೈ ಎದ್ದು ಕಾಣಲಿ ಎಂದು ಹೆಂಗಸು ಹೇಳಿದ್ದರಂತೆ. ಬೆಳಗಾವಿಯ ಇಂಜಿನಿಯರು ನಮಸ್ಕಾರ ಹೇಳಿ, ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರ ಬಾಗಿದರು. ಆಕೆ ಶುರುಮಾಡಿದಳು.

ಎಡಗೈಯ ಹೆಬ್ಬೆರಳು, ತೋರುಬೆರಳು ಕೂಡಿಸಿ ಒಂದು ಬಳೆ. ಬಲಗೈಯ ಮೂರು ಬೆರಳು, ಬಳೆ ಕೊರೆಯುವ ಯಂತ್ರದ ದವಡೆಗಳ ಹಾಗೆ, ಮೂರು ಕಡೆಯಿಂದ ಬಂದು ಅದನ್ನು ಕಚ್ಚಿ ಹಿಡಿದವು. ಹುಬ್ಬು ಬಿಗಿಯಿತು, ಕೆನ್ನೆ ಬಿಗಿಯಿತು. ಬಿಗಿದದ್ದು ಲೋಹವೆಂದು ನಮಗೆ ಕಂಡಿತು. ಹಿಡಿದ ಮೂರು ಕಡೆ ಬಳೆ ಒಳಗೆ ತಗ್ಗಿತು. ಆಮೇಲೆ ಬಲಗೈ ಬಿಟ್ಟುಬಂದು, ಒಂದೇ ಬೆರಳು ಕೊರೆಯುವ ಉಳಿಯಾಗಿ ಬಳೆಯೊಳಗೆ ಸುತ್ತಿತು, ದುಂಡಗೆ, ನಿಧಾನವಾಗಿ. ಎಡಗೈ ಬಳೆ ಮಾತ್ರ ಇನ್ನೂ ಬಿಗಿದೇ ಇತ್ತು. ದವಡೆಗಳು ಇನ್ನೂ ಹಿಡಿದೇ ಇವೆ ಎಂದು ಅದೇ ಹೇಳುತ್ತಿತ್ತು. ಒಳಗೀಗ ಅಚ್ಚುಕಟ್ಟು ದುಂಡು. ಮುಖದಲ್ಲಿ ತೃಪ್ತಿ. ಆಮೇಲೆ ಮೂರು ಬೆರಳು ಮತ್ತೆ ಬಳೆಯ ಮೇಲೆ ಬಂದು, ಹಿಡಿತ ಬಿಟ್ಟುಕೊಟ್ಟವು. ಒತ್ತಿ ಹಿಡಿದಿದ್ದ ಬಳೆ ಹಾಗೇ ಉಸಿರು ಬಿಟ್ಟು ತನ್ನ ಜಾಗಕ್ಕೆ ಮರಳಿತು. ತಗ್ಗಿದ್ದ ಮೂರು ಕಡೆ ಹೊರಕ್ಕೆ ಹೋಯಿತು, ಒಳಗಿನ ದುಂಡು ಕೆಟ್ಟಿತು.

ಎಂಟು ವರ್ಷದಿಂದ ಆ ಯಂತ್ರಗಳ ಪಕ್ಕದಲ್ಲೇ ನಡೆದಾಡಿದವನು ನಾನು. ಲೋಹ ಬಗ್ಗುತ್ತದೆ, ಮತ್ತೆ ತಿರುಗಿ ಬರುತ್ತದೆ ಎಂದು ಅವತ್ತೇ ನೋಡಿದ್ದು.

ಈ ಸಲ ಕಾರ್ಖಾನೆಯ ಪದಗಳನ್ನು ಕೇಳಿಕೊಂಡು ಬಂದಿದ್ದ ಹೆಂಗಸು ಇನ್ನೂ "ದವಡೆ ಮೂರು ಕಡೆ ಹಿಡಿದಾಗ" ಎನ್ನುವಷ್ಟರಲ್ಲಿ ಬೆಳಗಾವಿಯವರು ಕೈ ಎತ್ತಿದರು.

"ನಿಲ್ಲ್ರಿ, ನಿಲ್ಲ್ರಿ. ಕಂಡತು ನನಗ." ದನಿ ಬದಲಾಗಿತ್ತು. "ಚಕ್ಕಿನ ದವಡಿ ಬಿಟ್ಟ ಮ್ಯಾಲ ಬಳಿ ವಾಪಸ್ ಬಂತು. ಹೌದಲ್ಲ? ಆದ್ರ ಅಳತಿ ಹೆಂಗ ಸರಿ ಬಂತು?"

ಅದನ್ನು ಹೆಂಗಸು ಸನ್ನೆಯಲ್ಲಿ ದಾಟಿಸಿದರು. ಹುಡುಗಿ ನಕ್ಕಳು; ಆ ಪ್ರಶ್ನೆಗೇ ಕಾದಿದ್ದವಳ ಹಾಗೆ. ಎರಡು ತೋರುಬೆರಳುಗಳನ್ನು ಎದುರುಬದುರು ಹಿಡಿದು, ನಡುವಿನ ಅಂತರ ಬದಲಿಸದೆ ತಿರುಗಿಸಿದಳು. ಒಂದು ಬೆರಳು ಉಬ್ಬಿಗೆ ಬಂದಾಗ ಎದುರಿನ ಬೆರಳು ತಗ್ಗಿನಲ್ಲಿ. ಅಂತರ ಅಷ್ಟೇ. ಇನ್ನಷ್ಟು ತಿರುಗಿಸಿದರೂ ಅಷ್ಟೇ. ಎರಡು ಕಡೆ ಮುಟ್ಟಿ ಅಳೆಯುವ ಸಾಧನಕ್ಕೆ ಈ ಸೊಟ್ಟು ಸಿಗುವುದೇ ಇಲ್ಲ. ಆಮೇಲೆ ಒಂದು ಬಳೆ ಎತ್ತಿ ಕ್ಯಾಮೆರಾಕ್ಕೆ ತೋರಿಸಿದಳು. ಹೊರಗೆ ದವಡೆ ಹಿಡಿದ ಮೂರು ಮಸುಕು ಗುರುತು. ಒಳಗೆ, ಆ ಗುರುತುಗಳ ನಡುನಡುವೆ, ದುಂಡನೆಯ ಅಚ್ಚು ತೂರಿಸಿದಾಗ ತಾಗಿದ ಮೂರು ನೀಲಿ ಕಲೆ.

ಬೆಳಗಾವಿಯ ಇಂಜಿನಿಯರು ತಾವೂ ಎರಡು ಬೆರಳು ಹಿಡಿದು ಗಾಳಿಯಲ್ಲಿ ತಿರುಗಿಸಿ ನೋಡುತ್ತಿದ್ದರು. ಆಮೇಲೆ, ಹೆಂಗಸಿನ ದನಿ ಬರುತ್ತಿದ್ದ ಕಡೆ ಬಿಟ್ಟು, ನೇರವಾಗಿ ಹುಡುಗಿಯನ್ನೇ ನೋಡಿ ಹೇಳಿದರು: "ಅಕ್ಕಾರ, ನಾವು ನಾಕು ಮಂದಿ ತಿಂಗಳಗಟ್ಲೆ ಹುಡಿಕೇವಿ ಇದನ್ನ."

ಅದೇ ವಾರ ಬಳೆಯನ್ನು ಸುತ್ತಲೂ ಅಪ್ಪಿ ಹಿಡಿಯುವಂಥ ಮೆತ್ತನೆಯ ದವಡೆಗಳನ್ನು ಯಂತ್ರಕ್ಕೆ ಹಾಕಿದರು. ಹೊಸ ಬಳೆಗಳಲ್ಲಿ ನೀಲಿ ಸುತ್ತಲೂ ಒಂದೇ ಸಮ ಹತ್ತಿತು. ಸೋರಿಕೆಯ ಮಾತು ನಿಂತಿತು.

ಮ್ಯಾನೇಜರು ಒಬ್ಬರೇ ಮಾತಾಡುವ ಮೀಟಿಂಗಿಗೆ ಈಗಲೂ ಟ್ರ್ಯಾಕಿಂಗ್ ಹಾಕಿಕೊಡುತ್ತೇನೆ. ಅದಕ್ಕೆ ಅದು ಒಳ್ಳೆಯದೇ. ಆಕೆ ಇರುವ ಮೀಟಿಂಗಿಗೆ ಮಾತ್ರ ವೈಡು. ಆಕೆ ಹತ್ತು ನಿಮಿಷ ಮುಂಚೆಯೇ ಬಂದು ಕೂತು, ಎರಡು ಕೈಯನ್ನೂ ತಲೆಯ ಮೇಲೆ ಎತ್ತಿ, ಆಮೇಲೆ ಎರಡೂ ಪಕ್ಕಕ್ಕೆ ಚಾಚಿ ಟಿವಿಯಲ್ಲಿ ನೋಡಿಕೊಳ್ಳುತ್ತಾಳೆ. ಬೆರಳ ತುದಿ ಎಲ್ಲಾದರೂ ಕತ್ತರಿಸಿದರೆ ನನ್ನತ್ತ ತಿರುಗಿ ಅಂಗೈಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳುತ್ತಾಳೆ. ನಾನು ಹೋಗಿ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿಕೊಡುತ್ತೇನೆ.