ಭಾವನ ದಪ್ಪ ಕಟ್ಟು

ಭಾವನ ಮೇಲಿನ ಸಿಟ್ಟು ನನಗೆ ಇನ್ನೂ ಆರಿಲ್ಲ. ಆರುವುದೂ ಬೇಡ. ಅವನಿಗೆ ಬಹುವಚನ ಕೊಡುವಷ್ಟು ದೊಡ್ಡ ಮನಸ್ಸೂ ನನಗಿಲ್ಲ.

ಚನ್ನಪಟ್ಟಣದ ನಮ್ಮ ಬೊಂಬೆ ಕಾರ್ಖಾನೆಯಲ್ಲಿ ಬೆಂಗಳೂರಿನ ಕಂಪನಿಯೊಂದರ ಕಾರ್ಡ್ ಆಟಕ್ಕೆ ಮರದ ಕಾಯಿ ಮಾಡುತ್ತಿದ್ದೆವು. ಅವರು ಕಳಿಸಿದ ಪೆಟ್ಟಿಗೆ ಬಿಚ್ಚಿ ಆಟ ಕಲಿತವಳು ನಾನು. ಗಂಡನ ಅಣ್ಣನಾದ ಈ ಭಾವನಿಗೆ ಕಲಿಸಿದವಳೂ ನಾನೇ. ಬೆಂಗಳೂರಿನ ಆಟಿಕೆ ಮೇಳದಲ್ಲಿ ಕೂತು ಜನಕ್ಕೆ ಆಟ ಹೇಳಿಕೊಡಲು ಒಬ್ಬರು ಬೇಕೆಂದು ಕಂಪನಿಯವರು ಕೇಳಿದಾಗ ಭಾವ ಕೆಲಸದವರೆಲ್ಲರ ಮುಂದೆ, "ನಾನೇ ಓಯ್ತೀನಿ. ಲೆಕ್ಕಾಚಾರದ ಆಟ ನಿಂಗಾಗಾಕಿಲ್ಲ ಕಣಮ್ಮ, ನೀನು ಬಣ್ಣ ಹಾಕ್ಕಂಡಿರು," ಅಂದ. ಎಲ್ಲರೂ ನಕ್ಕರು. ನನ್ನ ಗಂಡನೂ ನಕ್ಕ.

"ಗೆದ್ದೋರು ಓಗನ, ಭಾವ," ಅಂದೆ. ಭಾನುವಾರ ಎಲ್ಲರೂ ಸುತ್ತ ನಿಂತರು.

ಇಬ್ಬರಿಗೂ ಮೊದಲು ಒಂದೇ ತರದ ಬಡ ಕಟ್ಟು: ಒಂದೊಂದು ನಾಣ್ಯದ ಕಾರ್ಡುಗಳು, ಏನಕ್ಕೂ ಬಾರದ ಕೆಲವು ಪುಡಿ ಕಾರ್ಡುಗಳು. ಅದಕ್ಕೆ ಸೇರಿಸಲು ಐದೈದು ಹೊಸ ಕಾರ್ಡು ಹಂಚಿ, ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಎದುರಿನವರಿಗೆ ದಾಟಿಸಬೇಕು, ಕಾರ್ಡು ಮುಗಿಯುವವರೆಗೂ ಹೀಗೇ. ಭಾವ ಯಾವಾಗಲೂ ವರ್ತಕರ ಹಿಂದೆ ಬೀಳುತ್ತಿದ್ದ. ಇಬ್ಬರು ವರ್ತಕರು ಒಟ್ಟಿಗೆ ಕೈಗೆ ಬಂದರೆ ನಾಣ್ಯ ಹೆಚ್ಚುತ್ತದೆ. ನನ್ನ ಕೈಯಲ್ಲೊಬ್ಬ ವರ್ತಕನಿದ್ದ. ನನಗೆ ಬೇಕಿರಲಿಲ್ಲ, ಆದರೂ ಅವನಿಗೆ ಜೋಡಿ ಸಿಗದಿರಲೆಂದು ಇಟ್ಟುಕೊಂಡೆ. ಭಾವ ದಾಟಿಸಿದ ಕಾರ್ಡುಗಳಲ್ಲಿ 'ಒಲೆ' ಇತ್ತು, ಅದನ್ನೂ ಇಟ್ಟುಕೊಂಡೆ. ಕೈಯಲ್ಲಿರುವ ಎರಡು ಕಾರ್ಡನ್ನು ಆಟದಿಂದಲೇ ಹೊರಗೆ ಹಾಕುವ ಕಾರ್ಡು ಅದು. ಅವನು ಬಿಟ್ಟುಕೊಡುತ್ತಾನೆಂದು ಗೊತ್ತಿತ್ತು. ನಮ್ಮ ಕಸುಬಿನಲ್ಲಿ ಮರದ ಚೂರನ್ನೂ ಬಿಸಾಡುವುದಿಲ್ಲ, ಮಣಿಗಾದರೂ ಆಗುತ್ತದೆ. ಭಾವ ಕಾರ್ಡುಗಳನ್ನೂ ಹಾಗೇ ಸಾಕುತ್ತಿದ್ದ.

ಆಟ ಶುರುವಾಯಿತು. ಸರದಿಗೊಮ್ಮೆ ತನ್ನ ಕಟ್ಟಿನಿಂದ ಐದು ಕಾರ್ಡು ಎತ್ತಿ, ಬಂದ ನಾಣ್ಯದಲ್ಲಿ ಹೊಸ ಕಾರ್ಡು ಕೊಳ್ಳಬೇಕು, ಕೊಂಡದ್ದೂ ಕಟ್ಟಿಗೇ ಸೇರುತ್ತದೆ. ವರ್ತಕನನ್ನೇ ಮೊದಲು ಒಲೆಗೆ ಹಾಕಿದೆ. "ಅಯ್ಯೋ, ಒಳ್ಳೇ ಕಾರ್ಡ್ ಸುಟ್ಬುಟ್ಲಲ್ಲ!" ಎಂದು ಭಾವ ನಕ್ಕ. ಆಮೇಲೆ ಪುಡಿಗಳು, ಅವುಗಳ ಹಿಂದೆ ಹೆಚ್ಚಿನ ನಾಣ್ಯಗಳೂ. ಉಳಿದದ್ದು ಹಿಡಿಯಷ್ಟು. ಹಂಚಿಕೆಯಲ್ಲಿ ನಾನು ಇಟ್ಟುಕೊಂಡಿದ್ದ ಇನ್ನೆರಡು ಕಾರ್ಡು 'ಚಕ್ರ' ಮತ್ತು 'ಅರಗು'. ಚಕ್ರ ಹಾಕಿದರೆ ಇನ್ನೆರಡು ಕಾರ್ಡು ಎತ್ತಬಹುದು. ಅದರ ಜೊತೆ ಅರಗು ಬಂದರೆ ನಾಣ್ಯ ಮೂರು ಪಟ್ಟು. ತೆಳು ಕಟ್ಟಿನಲ್ಲಿ ಇವೆರಡೂ ಎಲ್ಲಿ ಹೋದಾವು? ಸರದಿಗೊಮ್ಮೆ ಜೋಡಿಯಾಗಿ ಬಂದವು. ಭಾವ ದುಬಾರಿ ಕಾರ್ಡು ಕೊಂಡ ಹಾಗೆಲ್ಲ ಅವು ಅವನ ದಪ್ಪ ಕಟ್ಟಿನ ಅಡಿಯಲ್ಲಿ ಹೂತುಹೋದವು. ಕೈಗೆ ಬಂದದ್ದು ಬರೀ ಪುಡಿ.

ಗೆಲುವಿನ ಅಂಕ ಕೊಡುವ ಕಾರ್ಡುಗಳನ್ನು ಕೊನೆಗೆ ಒಂದೊಂದಾಗಿ ನಾನೇ ಕೊಂಡೆ. ಒಂದೇ ಉಳಿಯಿತು. ಅದನ್ನು ಕೊಂಡರೆ ಆಟ ಮುಗಿಯುತ್ತಿತ್ತು. ಕೊಳ್ಳುವಷ್ಟು ನಾಣ್ಯ ಕೈಯಲ್ಲಿತ್ತು. ಕೊಳ್ಳದೆ ಸರದಿ ಬಿಟ್ಟೆ. ಭಾವ ಐದು ಕಾರ್ಡು ಎತ್ತಿದ, ಏನೂ ಕೊಳ್ಳಲಾಗಲಿಲ್ಲ. ಮತ್ತೆ ಸರದಿ ಬಿಟ್ಟೆ. ಯಾರೋ ಕಿಸಕ್ಕೆಂದರು. ಭಾವನ ಕಿವಿ ಕೆಂಪಾಯಿತು.

"ಮುಗ್ಸಮ್ಮ, ಸಾಕು," ಅಂದ, ಮೆಲ್ಲಗೆ.

"ಎಲ್ಲಾರೂ ನೋಡ್ತಾವ್ರೆ ಭಾವ. ಇನ್ನೊಂದ್ಸಲ ಎತ್ತಿ."

ಎತ್ತಿದ. ಅವನ ಐದೂ ಕಾರ್ಡನ್ನು ಎಲ್ಲರೂ ಬಗ್ಗಿ ನೋಡಿ ಮುಗಿಸಿದ ಮೇಲೆ ನಾನು ಆ ಕೊನೆಯ ಕಾರ್ಡು ಕೊಂಡೆ.