ಉಪ್ಪಿನ ಗಂಟಿನ ಕತೆಗೆ ಊಹೂಂ ಅಂದವಳು

ಆಗ ನನಗೆ ಅರವತ್ತೆಂಟು. ಮೂರು ವರ್ಷದ ಹಿಂದಿನ ಮಾತು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಮತ್ತೆ ಶಾಲೆಯೊಳಗೆ ಹೋಗಿ ಕೂತದ್ದು ಆ ವಯಸ್ಸಿನಲ್ಲಿ. ಅದೂ ಮೊಮ್ಮಗಳ ಮೇಲೆ ಬಂದ ಒಂದು ದೂರಿನ ದೆಸೆಯಿಂದ.

ಮೊಮ್ಮಗಳು ಆ ವರ್ಷ ಒಂದನೇ ಕ್ಲಾಸು. ನಮ್ಮೂರ ಶಾಲೆಯಲ್ಲಿ ಒಂದರಿಂದ ಮೂರರ ತನಕ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ಕೂರುತ್ತವೆ, ಒಬ್ಬರೇ ಮೇಡಂ. ದೀಪಾವಳಿ ರಜೆ ಕಳೆದ ಮೇಲೆ ಒಂದು ದಿನ ಆ ಮೇಡಂ ಕಡೂರಿನ ಬಸ್ಸಿಗೆ ಕಾಯುತ್ತಾ ನಿಂತವರು ನನ್ನನ್ನು ಕರೆದರು.

"ಅಜ್ಜಿ, ನಿಮ್ಮ ಮೊಮ್ಮಗಳು ಶಾಲೆಲಿ ಇನ್ನೂ ಬಾಯೇ ಬಿಟ್ಟಿಲ್ಲ. ಕೇಳಿದ್ರೆ ತಲೆ ತಗ್ಗಿಸ್ತಾಳೆ. ಕಿವಿ ಸರಿಯಾಗಿ ಕೇಳುತ್ತಾ ಅಂತ ಕಡೂರಲ್ಲಿ ಒಂದ್ಸಲ ತೋರಿಸಿ."

ನನಗೆ ಸಿಟ್ಟು ಬಂತು. "ಕಿವೀನಾ? ನಾನು ಕೊಟ್ಟಿಗೆಲಿ ಗೊಣಗಿದ್ರೆ ಅವ್ಳು ಬೀದೀಲಿ ನಿಂತ್ಕಂಡು ಜವಾಬು ಕೊಡ್ತಾಳೆ ಕಣ್ರೀ. ಮನೇಲಿ ಆ ಬಾಯಿ ಮುಚ್ಚಿಸಕ್ಕೆ ಆಗಲ್ಲ."

"ಹಂಗಾದ್ರೆ ಮನೇಲಿ ಏನು ಮಾತಾಡ್ತಾಳೆ?"

"ನಾನು ಕತೆ ಹೇಳ್ತೀನಿ. ಅವ್ಳು ಹೂಂ ಅಂತಾಳೆ. ತಪ್ಪಿದ್ರೆ ಜಗಳಕ್ಕೆ ಬತ್ತಾಳೆ."

ಮೇಡಂಗೆ ಏನೋ ಹೊಳೆಯಿತು. ಮುಂದಿನ ವಾರ ಮಕ್ಕಳಿಗೆ ಬರೀ ಕತೆಯ ಪಾಠವಂತೆ. ಓದುವುದಿಲ್ಲ, ಬರೆಯುವುದಿಲ್ಲ. ಕೇಳಬೇಕು, ಯಾವುದು ಮೊದಲು ಯಾವುದು ಆಮೇಲೆ ಅಂತ ಜೋಡಿಸಬೇಕು, ಕೊನೆಗೆ ತಮ್ಮ ಬಾಯಲ್ಲೇ ಹೇಳಬೇಕು. "ನೀವೇ ಬಂದು ಒಂದು ಕತೆ ಹೇಳಿ ಅಜ್ಜಿ, ನೋಡೋಣ" ಅಂದರು. ಹೂಂ ಅಂದುಬಿಟ್ಟೆ. ನಮ್ಮ ಹುಡುಗಿ ಮೂಗಿ ಅಲ್ಲ ಅಂತ ತೋರಿಸಬೇಕಿತ್ತು, ಅಷ್ಟೆ.

ಸೋಮವಾರ ಹೋದೆ. ಇಪ್ಪತ್ತು ಚಿಲ್ಲರೆ ಮಕ್ಕಳು ಸುತ್ತ ಕೂತು, ಎಲ್ಲವೂ ತುಟಿಯ ಮೇಲೆ ಬೆರಳಿಟ್ಟುಕೊಂಡಿದ್ದವು. ನನ್ನವಳೂ ಹಾಗೇ. ನಾನು ಉಪ್ಪಿನ ಗಂಟಿನ ಕತೆ ಹೇಳಿದೆ. ಒಬ್ಬ ಅಜ್ಜ ಉಪ್ಪು ತರಲು ಸಂತೆಗೆ ಹೊರಡುತ್ತಾನೆ. ದಾರಿಯ ಹಳ್ಳದಲ್ಲಿ ಜಾರಿ ಬಿದ್ದು ಪೂರ್ತಿ ನೆನೆಯುತ್ತಾನೆ. ಬಿಸಿಲಿಗೆ ಒಣಗಿ, ಸಂತೆಯಲ್ಲಿ ಉಪ್ಪು ಕೊಂಡು, ಟವಲಿಗೆ ಗಂಟು ಕಟ್ಟಿ ಬೆನ್ನಿಗೆ ಹಾಕಿಕೊಳ್ಳುತ್ತಾನೆ. ಬರುವಾಗ ಹಳ್ಳ ಬೇಡವೆಂದು ಕೆರೆ ಏರಿಯ ಮೇಲೆ ಬರುತ್ತಾನೆ. ಅಲ್ಲೊಂದು ಮೇಕೆ ಬೆನ್ನ ಹಿಂದೆಯೇ ಬಂದು ಗಂಟನ್ನು ನೆಕ್ಕುತ್ತದೆ. ಮನೆಗೆ ಬಂದರೆ ಸಾರಿಗೆ ಹಾಕಲು ಉಪ್ಪೇ ಸಾಲದು. ಹೆಂಡತಿ ಕೇಳಿದರೆ, "ಮೇಕೇನ ಕೇಳು" ಅನ್ನುತ್ತಾನೆ.

ಮನೆಯಲ್ಲಿ ಈ ಕತೆ ಅರ್ಧ ಗಂಟೆ ನಡೆಯುತ್ತದೆ. ಶಾಲೆಯಲ್ಲಿ ಐದು ನಿಮಿಷಕ್ಕೆ ಮುಗಿಯಿತು. ಯಾರೂ ಹೂಂ ಅನ್ನದಿದ್ದರೆ ಗೋಡೆಗೆ ಹೇಳಿದ ಹಾಗೆ. ಮೇಡಂ "ಮೊದಲು ಏನಾಯ್ತು?" ಅಂತ ಕೇಳಿದರು. ಇಬ್ಬರು ಮೂವರು ಗಿಣಿಗಳ ಹಾಗೆ ಒಪ್ಪಿಸಿದರು. ನನ್ನವಳು ತಲೆ ತಗ್ಗಿಸಿದಳು. ಮೇಡಂ ತಮ್ಮ ಪುಸ್ತಕದಲ್ಲಿ ಏನೋ ಬರೆದುಕೊಂಡರು.

ಮಕ್ಕಳು ಊಟಕ್ಕೆ ಎದ್ದ ಮೇಲೆ ಹೇಳಿಯೇಬಿಟ್ಟೆ. "ಮೇಡಂ, ಆ ಬೆರಳು ತೆಗೆಸಿ. ಬಾಯಿಗೆ ಬೀಗ ಹಾಕಿ ಮಾತಾಡಲ್ಲ ಅಂದ್ರೆ ಹೆಂಗೆ?"

"ಗಲಾಟೆ ಮಾಡ್ತಾರೆ ಅಜ್ಜಿ. ಕೇಳೋದು ಕಲೀಬೇಕಲ್ವಾ?"

"ಹೂಂ ಅನ್ನೋದೇ ಕೇಳೋದು ಕಣಮ್ಮ. ಕೇಳ್ದೆ ಇರೋನು ಎಲ್ಲಿ ಹೂಂ ಅಂತಾನೆ? ಸುಮ್ನೆ ಕೂತೋನು ಕೇಳ್ತಾವ್ನೋ ನಿದ್ದೆ ಹೊಡೀತಾವ್ನೋ ನಿಮಗೇನು ಗೊತ್ತು?"

ಬೇರೆಯವರಾಗಿದ್ದರೆ ನನ್ನನ್ನು ಅಲ್ಲಿಗೇ ಮನೆಗೆ ಕಳಿಸುತ್ತಿದ್ದರು. ಈ ಮೇಡಂ ನಕ್ಕರು. "ಸರಿ, ನಾಳೆ ನಿಮ್ಮ ಪದ್ಧತಿ" ಅಂದರು.

ಮಂಗಳವಾರ ಅವರು ನಾಲ್ಕು ರಟ್ಟಿನ ಮೇಲೆ ಚಿತ್ರ ಬರೆದು ತಂದಿದ್ದರು: ಹಳ್ಳ, ಸಂತೆ, ಮೇಕೆ, ಸಾರಿನ ಮಡಕೆ. ನಾಲ್ಕು ಮಕ್ಕಳ ಕೈಗೆ ಒಂದೊಂದು ಕೊಟ್ಟರು. ಕತೆಯಲ್ಲಿ ತಮ್ಮ ಚಿತ್ರ ಬಂದಾಗ ಆ ಮಗು ಎದ್ದು ಬಂದು ಸಾಲಿನಲ್ಲಿ ನಿಲ್ಲಬೇಕು. ಉಳಿದವರು ನಾನು ಉಸಿರು ತೆಗೆದುಕೊಂಡಾಗಲೆಲ್ಲ ಹೂಂ ಅನ್ನಬೇಕು. ಮೇಕೆಯ ರಟ್ಟು ನನ್ನವಳ ಕೈಗೆ ಬಂತು.

ಒಂದು ಬಾಯಿಯ ಹೂಂ ಕೇಳಿದವಳಿಗೆ ಇಪ್ಪತ್ತು ಬಾಯಿ ಒಟ್ಟಿಗೆ ಹೂಂ ಅಂದರೆ ಏನಾಗಬೇಡ? ಉಬ್ಬಿಹೋದೆ. ಆ ಉಬ್ಬಿನಲ್ಲಿ ಹಳ್ಳ ಮರೆತೇಹೋಯಿತು. ಅಜ್ಜನನ್ನು ಮನೆಯಿಂದ ನೆಟ್ಟಗೆ ಸಂತೆಗೆ ಕಳಿಸಿ ಉಪ್ಪು ಕೊಡಿಸಿದೆ. ಸಂತೆಯ ರಟ್ಟಿನ ಮಗು ಎದ್ದು ಬಂತು. ಹೂಂ ಅಂದರು. ಆಮೇಲೆ ಹಳ್ಳ ನೆನಪಾಯಿತು. ಇಲ್ಲೇ ಸೇರಿಸಿದರಾಯಿತು ಅಂದುಕೊಂಡು, "ಬರ್ತಾ ಹಳ್ಳದಲ್ಲಿ ಜಾರಿ ಬಿದ್ದ, ಪೂರ್ತಿ ನೆನೆದ" ಅಂದೆ. ಹಳ್ಳದ ಮಗುವೂ ಬಂದು ನಿಂತಿತು. ಎಲ್ಲರೂ ಹೂಂ ಅಂದರು.

"ಊಹೂಂ!"

ಎಲ್ಲರೂ ತಿರುಗಿ ನೋಡಿದರು. ಮೇಕೆಯ ರಟ್ಟು ಎದೆಗೆ ಅವುಚಿಕೊಂಡು ನನ್ನವಳು ನಿಂತಿದ್ದಳು.

"ಏನೇ ಊಹೂಂ?" ಅಂದೆ.

"ಹಳ್ಳ ಮೊದ್ಲು ಕಣಜ್ಜಿ. ನಿನ್ನೆ ಹಂಗೇ ಹೇಳ್ದೆ."

"ನನ್ನ ಕತೆ ಕಣೇ ಅದು. ನನ್ನಿಷ್ಟ. ಆಮೇಲೆ ಬಿದ್ರೆ ಏನಾಯ್ತೀಗ?"

ಮೇಡಂ ನನಗೆ ಸುಮ್ಮನಿರಿ ಅಂತ ಕೈ ಮಾಡಿದರು. ಅವಳನ್ನು ಮೆಲ್ಲಗೆ ಕೇಳಿದರು: "ಹೌದಲ್ಲ, ಯಾಕೆ ಆಮೇಲೆ ಬೀಳಬಾರ್ದು?"

ಮೇಡಂ ಕೇಳಿದರೆ ತಲೆ ತಗ್ಗಿಸುವ ಹುಡುಗಿ ಅಂದು ತಗ್ಗಿಸಲಿಲ್ಲ. "ಉಪ್ಪು ತಗಂಡಾದ್ಮೇಲೆ ನೀರಿಗೆ ಬಿದ್ರೆ ಉಪ್ಪು ಕರಗೋಗಲ್ವಾ? ಆಮೇಲೆ ನನ್ನ ಮೇಕೆ ಏನು ನೆಕ್ಕುತ್ತೆ? ಬರೀ ಒದ್ದೆ ಟವಲ್ಲಾ?"

ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು. ಮೂರನೇ ಕ್ಲಾಸಿನ ಒಬ್ಬ ಹುಡುಗ, "ಏ, ಒದ್ದೆ ಟವಲ್ಲೂ ಉಪ್ಪುಪ್ಪಾಗಿರುತ್ತೆ ಕಣೇ" ಅಂತ ಅಡ್ಡ ಹಾಕಿದ. ಇವಳು ಬಿಡಲಿಲ್ಲ. "ಹಂಗಾದ್ರೆ ಅಜ್ಜನ ಹೆಂಡ್ತಿ ಸಾರಿಗೆ ಟವಲ್ ಹಿಂಡ್ತಾಳಾ?" ಅಂದಳು. ಅವನು ಕೂತ. ಇವಳು ಸಾಲಿಗೆ ಹೋಗಿ, ಹಳ್ಳದ ಮಗುವಿನ ಕೈ ಹಿಡಿದೆಳೆದು ಸಂತೆಯ ಮುಂದೆ ನಿಲ್ಲಿಸಿ, ತಾನು ಮೂರನೆಯವಳಾಗಿ ನಿಂತಳು. ನನ್ನ ಕಡೆ ತಿರುಗಿ, "ಈಗ ಹೇಳು" ಅಂದಳು. ಇಪ್ಪತ್ತು ಮಕ್ಕಳ ಮುಂದೆ ನನ್ನ ಮರ್ಯಾದೆ ತೆಗೆದಳು. ನನ್ನ ಜನ್ಮದಲ್ಲಿ ಅಷ್ಟು ಹೆಮ್ಮೆ ನನಗೆ ಯಾವತ್ತೂ ಆಗಿರಲಿಲ್ಲ. ಆದರೆ ಮುಖ ಗಂಟು ಹಾಕಿಕೊಂಡೇ ಕತೆ ಮುಗಿಸಿದೆ. ಇಲ್ಲದಿದ್ದರೆ ತಲೆ ಮೇಲೆ ಕೂರುತ್ತಾಳೆ.

ಮಕ್ಕಳು ಹೊರಗೆ ಹೋದ ಮೇಲೆ ಮೇಡಂ ನನ್ನ ಕೈ ಹಿಡಿದುಕೊಂಡರು. "ಅಜ್ಜಿ, ಬೇಕಂತಲೇ ತಪ್ಪು ಹೇಳಿದ್ರಲ್ಲ, ಎಂಥ ಉಪಾಯ! ನಾನೂ ಇನ್ಮೇಲೆ ಹಂಗೇ ಮಾಡ್ತೀನಿ."

"ಉಪಾಯ ಎಲ್ಲಿದು? ಮರ್ತೋಯ್ತು ಕಣಮ್ಮ" ಅಂದೆ. ನಂಬಲಿಲ್ಲ. ಈಗಲೂ ನಂಬುವುದಿಲ್ಲ. ಸುಳ್ಳು ಹೊಗಳಿಕೆ ನನಗೆ ಬೇಡ. ಹೊಗಳಬೇಕಾದ್ದು ತಪ್ಪನ್ನು ಹಿಡಿದವಳನ್ನು. ತಪ್ಪು ಎಂಥವರೂ ಮಾಡುತ್ತಾರೆ.

ಮೇಡಂ ಪುಸ್ತಕ ತೆಗೆದು ನಿನ್ನೆ ಬರೆದದ್ದರ ಕೆಳಗೆ ಇನ್ನೊಂದು ಸಾಲು ಬರೆದರು. ಕನ್ನಡಕ ತಂದಿರಲಿಲ್ಲ. ಓದಿ ಅಂದೆ. "ಕಾರಣ ಕೊಟ್ಟು ಕತೆಯ ಕ್ರಮ ತಿದ್ದಿದಳು." ಇನ್ನೊಂದು ಸಲ ಓದಿಸಿದೆ. "ಕಡೂರಿಗೆ ಹೋಗಬೇಕಾ?" ಅಂದೆ. "ಬೇಡ" ಅಂದರು. "ನಾಳೆ ಅವಳೇ ಹೇಳ್ತಾಳೆ ಕತೆ."

ಮಾರನೆಯ ಬೆಳಿಗ್ಗೆ ಯಾರೂ ಕರೆಯದಿದ್ದರೂ ಕೊಟ್ಟಿಗೆಯ ಕೆಲಸ ಬೇಗ ಮುಗಿಸಿ ಶಾಲೆಗೆ ಹೋದೆ. ಮಕ್ಕಳ ಹಿಂದೆ, ಗೋಡೆಗೆ ಒರಗಿ, ನೆಲದ ಮೇಲೆ ಕೂತೆ. ಅವಳು ಮುಂದೆ ನಿಂತು ಶುರು ಮಾಡಿದಳು. ಹಳ್ಳ ಬಂತು, ಅಜ್ಜ ಜಾರಿದ. ನೋಡುತ್ತಾ ಕೂತವಳು ಒಂದು ಕಡೆ ಹೂಂ ಅನ್ನುವುದನ್ನು ಮರೆತೆ. ಅವಳು ಅಲ್ಲಿಗೇ ಕತೆ ನಿಲ್ಲಿಸಿ, ಎಲ್ಲರ ತಲೆಯ ಮೇಲಿಂದ ನನ್ನನ್ನೇ ದುರುಗುಟ್ಟಿ ನೋಡಿದಳು.

ಹೂಂ ಅಂದೆ.